ಮಳೆ ಕಾಣದ ಲಿಮಾ, ಮೀನು ತುಂಬಿದ ಕಡಲು: ಪೆರುವಿನ ತಣ್ಣೀರಿನ ಕತೆ

ಸಮಭಾಜಕದಿಂದ ಮಂಗಳೂರು ಎಷ್ಟು ಉತ್ತರಕ್ಕಿದೆಯೋ, ದಕ್ಷಿಣ ಅಮೆರಿಕದ ಪೆರು ದೇಶದ ರಾಜಧಾನಿ ಲಿಮಾ ಹೆಚ್ಚುಕಡಿಮೆ ಅಷ್ಟೇ ದಕ್ಷಿಣಕ್ಕಿದೆ. ಎರಡೂ ಕಡಲ ದಂಡೆಯ ಊರುಗಳು. ಎರಡಕ್ಕೂ ಪಡುವಣದಲ್ಲಿ ಸಮುದ್ರ, ಮೂಡಣದಲ್ಲಿ ಬೆಟ್ಟಸಾಲು. ಇಷ್ಟೆಲ್ಲ ಹೋಲಿಕೆ ಇದ್ದ ಮೇಲೆ ಹವಾಮಾನವೂ ಒಂದೇ ಥರ ಇರಬೇಕಲ್ಲ ಅನಿಸುತ್ತದೆ. ಆದರೆ ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಮೀಟರ್ ಮಳೆ ಸುರಿದರೆ, ಲಿಮಾದಲ್ಲಿ ಇಡೀ ವರ್ಷದ ಮಳೆ ಕೂಡಿಸಿದರೂ ಎರಡು ಸೆಂಟಿಮೀಟರ್ ಆಗುವುದಿಲ್ಲ. ಅಲ್ಲಿನ ಹಳೆಯ ಬಡಾವಣೆಗಳ ಮನೆಗಳಿಗೆ ಇಳಿಜಾರು ಮಾಡಿಲ್ಲ, ಹೆಂಚಿಲ್ಲ, ಚಾವಣಿಯಿಂದ ನೀರು ಹರಿದುಹೋಗಲು ದಾರಿಯೂ ಇಲ್ಲ. ಅದರ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ.

ಆದರೆ ಆ ಮರುಭೂಮಿಯ ಎದುರಿಗಿರುವ ಕಡಲು ಜಗತ್ತಿನಲ್ಲೇ ಅತಿ ಹೆಚ್ಚು ಮೀನು ಕೊಡುವ ಕಡಲುಗಳಲ್ಲೊಂದು. ನೆಲ ಬರಡಾಗಿರುವುದಕ್ಕೂ ಕಡಲು ತುಂಬಿರುವುದಕ್ಕೂ ಕಾರಣ ಒಂದೇ: ತೀರದ ಪಕ್ಕದಲ್ಲಿರುವ ತಣ್ಣೀರು. ಆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಸರಿಯಾಗಿ ಹಿಡಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಶಾಲೆಯ ಭೂಗೋಳದಲ್ಲಿ ನಾವೆಲ್ಲ ಓದಿದ್ದು ಹೀಗೆ: ಸಮಭಾಜಕದ ಕಡೆಯಿಂದ ಬರುವ ಪ್ರವಾಹ ಬಿಸಿ, ಧ್ರುವದ ಕಡೆಯಿಂದ ಬರುವುದು ತಂಪು. ಬಿಸಿ ಪ್ರವಾಹ ಹಾದುಹೋಗುವ ತೀರದಲ್ಲಿ ಮಳೆ, ತಂಪು ಪ್ರವಾಹದ ಪಕ್ಕದಲ್ಲಿ ಮರುಭೂಮಿ. ಎರಡೂ ಸೇರುವಲ್ಲಿ ಮಂಜು ಮತ್ತು ಮೀನು. ಗಲ್ಫ್ ಸ್ಟ್ರೀಮ್‌ನ ಬಿಸಿನೀರೂ ಲ್ಯಾಬ್ರಡಾರ್‌ನ ತಣ್ಣೀರೂ ಕೂಡುವ ನ್ಯೂಫೌಂಡ್‌ಲ್ಯಾಂಡ್ ಇದಕ್ಕೆ ಎಲ್ಲ ಪುಸ್ತಕಗಳಲ್ಲೂ ಸಿಗುವ ಉದಾಹರಣೆ. ಇದು ತಪ್ಪೇನಲ್ಲ. ಪೆರು ಮತ್ತು ಚಿಲಿಯ ಹಂಬೋಲ್ಟ್ ಪ್ರವಾಹದ ಪಕ್ಕ ಅಟಕಾಮ ಇದೆ, ಆಫ್ರಿಕಾದ ಬೆಂಗ್ವೆಲಾ ಪ್ರವಾಹದ ಪಕ್ಕ ನಮೀಬ್ ಇದೆ. ಆದರೆ ಪೆರುವಿನ ಮಟ್ಟಿಗೆ ಈ ಪಾಠ ಅರ್ಧ ಮಾತ್ರ. ದಕ್ಷಿಣದಿಂದ ತಣ್ಣೀರು ಹರಿದು ಬರುವುದು ನಿಜ. ಆದರೆ ಲಿಮಾದ ದಂಡೆಯಲ್ಲಿ ಕಾಲಿಟ್ಟರೆ ಚುರುಗುಟ್ಟುವ ಆ ಚಳಿ ಬಹುಪಾಲು ಬಂದದ್ದು ದಕ್ಷಿಣದಿಂದಲ್ಲ, ಕೆಳಗಿನಿಂದ.

ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1802ರಲ್ಲಿ ಈ ತೀರಕ್ಕೆ ಬಂದು ಥರ್ಮಾಮೀಟರನ್ನು ಕಡಲಿಗಿಳಿಸಿ ನೋಡಿದ. ಉಷ್ಣವಲಯದ ಸಮುದ್ರ ಇಷ್ಟು ತಣ್ಣಗಿರುವುದು ಅವನಿಗೆ ಆಶ್ಚರ್ಯ. ಮುಂದೆ ಈ ಪ್ರವಾಹಕ್ಕೆ ತನ್ನ ಹೆಸರಿಡುವುದನ್ನು ಅವನೇ ವಿರೋಧಿಸಿದ. ಚಿಲಿಯಿಂದ ಉತ್ತರ ಪೆರುವಿನ ಪೈಟಾ ಬಂದರಿನವರೆಗಿನ ಮೀನುಗಾರರ ಮಕ್ಕಳಿಗೂ ಮುನ್ನೂರು ವರ್ಷಗಳಿಂದ ಗೊತ್ತಿದ್ದ ಸಂಗತಿ ಇದು, ತಾನು ಮಾಡಿದ್ದು ಅದರ ಉಷ್ಣತೆ ಅಳೆದದ್ದು ಮಾತ್ರ ಎಂಬುದು ಅವನ ವಾದ. ಹೆಸರು ಉಳಿದೇಬಿಟ್ಟಿತು. ಆದರೆ ನೀರು ಯಾಕೆ ತಣ್ಣಗಿದೆ ಎಂಬುದಕ್ಕೆ ಪೂರ್ತಿ ಉತ್ತರ ಸಿಗಲು ಇನ್ನೂ ನೂರು ವರ್ಷ ಬೇಕಾಯಿತು.

ಬಿಸಿ ಹಾಲಿನ ಲೋಟ ಕೈಯಲ್ಲಿದೆ ಎಂದುಕೊಳ್ಳಿ. ಮೇಲೆ ಕೆನೆ ಕಟ್ಟಿದೆ. ತುಟಿಯ ಹತ್ತಿರದಿಂದ ಮೆಲ್ಲಗೆ ಊದಿದರೆ ಕೆನೆ ಆಚೆ ಅಂಚಿಗೆ ಸರಿಯುತ್ತದೆ, ಈಚೆ ಅಂಚಿನಲ್ಲಿ ಅಡಿಯ ಹಾಲು ಕಾಣುತ್ತದೆ. ಸಮುದ್ರದ ಮೇಲೂ ಬಿಸಿಲಿಗೆ ಕಾದ ನೀರು ಹೀಗೇ ಒಂದು ಪದರವಾಗಿ ಕುಳಿತಿರುತ್ತದೆ. ಅದರ ಅಡಿಯಲ್ಲಿ ತಣ್ಣನೆಯ, ಕತ್ತಲ ನೀರು. ಗಾಳಿ ಮೇಲಿನ ಪದರವನ್ನು ದಡದಿಂದ ಆಚೆಗೆ ತಳ್ಳಿದರೆ ಖಾಲಿಯಾದ ಜಾಗ ತುಂಬಲು ಅಡಿಯ ನೀರು ಮೇಲೇಳಲೇಬೇಕು.

ಇಲ್ಲೊಂದು ತೊಡಕಿದೆ. ಪೆರುವಿನ ತೀರದಲ್ಲಿ ಗಾಳಿ ದಡದಿಂದ ಕಡಲಿಗೆ ಬೀಸುವುದೇ ಇಲ್ಲ. ಅದು ದಕ್ಷಿಣದಿಂದ ಉತ್ತರಕ್ಕೆ, ದಂಡೆಗೆ ಸಮಾನಾಂತರವಾಗಿ ಬೀಸುತ್ತದೆ. ಹಾಗಿದ್ದರೆ ನೀರು ಪಕ್ಕಕ್ಕೆ ಸರಿಯುವುದು ಹೇಗೆ? ಇದಕ್ಕೆ ಸುಳಿವು ಸಿಕ್ಕಿದ್ದು ಭೂಮಿಯ ಇನ್ನೊಂದು ತುದಿಯಲ್ಲಿ. ಉತ್ತರ ಧ್ರುವದ ಕಡೆ ಹಡಗಿನಲ್ಲಿ ಹೋಗಿದ್ದ ನಾರ್ವೆಯ ನ್ಯಾನ್ಸೆನ್, ಮಂಜುಗಡ್ಡೆಗಳು ಗಾಳಿಯ ನೇರಕ್ಕೆ ತೇಲದೆ ಅದರ ಬಲಗಡೆಗೆ ಓರೆಯಾಗಿ ಸಾಗುವುದನ್ನು ಗಮನಿಸಿದ. ಸ್ವೀಡನ್ನಿನ ವಿಜ್ಞಾನಿ ಎಕ್ಮನ್ 1905ರಲ್ಲಿ ಅದರ ಲೆಕ್ಕ ಬಿಡಿಸಿದ. ಭೂಮಿ ತಿರುಗುತ್ತಿರುವುದರಿಂದ ಚಲಿಸುವ ನೀರು ಉತ್ತರ ಗೋಳಾರ್ಧದಲ್ಲಿ ಬಲಕ್ಕೆ, ದಕ್ಷಿಣ ಗೋಳಾರ್ಧದಲ್ಲಿ ಎಡಕ್ಕೆ ವಾಲುತ್ತದೆ. ಮೇಲಿನ ಪದರ ತನ್ನ ಕೆಳಗಿನದನ್ನು ಎಳೆಯುತ್ತದೆ, ಅದು ಇನ್ನಷ್ಟು ವಾಲುತ್ತದೆ. ಹೀಗೆ ಕೆಲವು ಹತ್ತು ಮೀಟರ್ ಆಳದವರೆಗಿನ ನೀರನ್ನೆಲ್ಲ ಒಟ್ಟು ಸೇರಿಸಿ ನೋಡಿದರೆ, ಅದು ಗಾಳಿಗೆ ನೇರ ಅಡ್ಡಲಾಗಿ ಸಾಗಿರುತ್ತದೆ. ಪೆರುವಿನಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಯಾವುದು? ತೆರೆದ ಪೆಸಿಫಿಕ್. ನೀರು ದಡ ಬಿಟ್ಟು ಅತ್ತ ಹೋಗುತ್ತದೆ, ಐವತ್ತರಿಂದ ನೂರು ಮೀಟರ್ ಅಡಿಯ ತಣ್ಣೀರು ಇತ್ತ ಮೇಲೇಳುತ್ತದೆ.

ಇದು ನಿತ್ಯ ನಡೆಯುವ ಕೆಲಸ. ಹಾಗಾಗಿ ಚಳಿಗಾಲದಲ್ಲಿ ಲಿಮಾದ ದಂಡೆಯ ನೀರು ಹದಿನಾರು ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ನಮ್ಮ ಪಣಂಬೂರು, ಮಲ್ಪೆಯ ಕಡಲಿನಲ್ಲಿ ಮಿಂದವರು ಅಲ್ಲಿಗೆ ಹೋಗಿ ನೀರಿಗೆ ಇಳಿದರೆ ಹಲ್ಲು ಕಟಕಟಿಸುವುದು ಖಂಡಿತ.

ಈ ನೀರಿನ ಮೇಲಿರುವ ಗಾಳಿಗೆ ಏನಾಗುತ್ತದೆ ನೋಡಿ. ಮಳೆಯಾಗಬೇಕಾದರೆ ತೇವದ ಗಾಳಿ ಬಿಸಿಯಾಗಿ ಹಗುರಾಗಿ ಎತ್ತರಕ್ಕೆ ಏರಬೇಕು. ಇಲ್ಲಿ ತಣ್ಣೀರು ಗಾಳಿಯನ್ನು ಅಡಿಯಿಂದಲೇ ತಂಪು ಮಾಡುತ್ತದೆ. ತಂಪಾದ ಗಾಳಿ ಭಾರ, ಅದು ಏಳುವುದಿಲ್ಲ. ಸಾಲದ್ದಕ್ಕೆ ಆ ಅಕ್ಷಾಂಶದಲ್ಲಿ ಮೇಲಿನಿಂದ ಒಣ ಗಾಳಿ ಇಳಿಯುತ್ತ, ಇಳಿಯುತ್ತಲೇ ಬಿಸಿಯಾಗುತ್ತ ಇರುತ್ತದೆ. ಕೆಳಗೆ ತಂಪು, ಮೇಲೆ ಬಿಸಿ: ಪಾತ್ರೆಗೆ ಮುಚ್ಚಳ ಹಾಕಿದ ಹಾಗಾಯಿತು. ಮುಚ್ಚಳದ ಅಡಿಯಲ್ಲಿ ತೇವ ಬೇಕಾದಷ್ಟಿದೆ, ಆದರೆ ಮೋಡ ಕೆಲವು ನೂರು ಮೀಟರ್ ದಪ್ಪಕ್ಕಿಂತ ಬೆಳೆಯಲಾರದು. ಅಷ್ಟು ತೆಳು ಮೋಡದಿಂದ ಮಳೆಹನಿ ಹುಟ್ಟುವುದಿಲ್ಲ. ಅತ್ತ ಅಮೆಜಾನ್ ಕಡೆಯ ಮಳೆಮೋಡಗಳನ್ನು ಆಂಡೀಸ್ ಪರ್ವತ ತಡೆದುಬಿಡುತ್ತದೆ.

ಹಾಗಾಗಿ ಲಿಮಾದ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಸೂರ್ಯ ಕಾಣುವುದಿಲ್ಲ, ಮಳೆಯೂ ಬರುವುದಿಲ್ಲ. ಬರುವುದು ಗರೂವಾ. ಮಂಜಿಗಿಂತ ತುಸು ದಪ್ಪ, ತುಂತುರಿಗಿಂತ ತೆಳು, ಮುಖಕ್ಕೆ ಅಂಟಿಕೊಳ್ಳುವ ತೇವ ಅದು. ಕೊಡೆ ಬೇಕಾಗುವುದಿಲ್ಲ, ಆದರೆ ಹಗ್ಗದ ಮೇಲೆ ಹಾಕಿದ ಬಟ್ಟೆ ಒಣಗುವುದೂ ಇಲ್ಲ. ನಗರದ ಅಂಚಿನ ಗುಡ್ಡಗಳಲ್ಲಿ ನಲ್ಲಿ ಇಲ್ಲದ ಬಡ ಜನ ಎರಡು ಕಂಬಗಳ ನಡುವೆ ನೈಲಾನ್ ಪರದೆ ಕಟ್ಟಿ, ಅದಕ್ಕೆ ತಗುಲಿ ಹನಿಗೂಡುವ ಮಂಜನ್ನು ಕೆಳಗಿನ ಕೊಳವೆಯಲ್ಲಿ ಹಿಡಿದು ಪೀಪಾಯಿಗೆ ತುಂಬುತ್ತಾರೆ. ಒಳ್ಳೆಯ ಮಂಜಿನ ದಿನ ಒಂದು ದೊಡ್ಡ ಪರದೆಯಿಂದ ನೂರಾರು ಲೀಟರ್ ಸಿಗುತ್ತದೆ.

ಈಗ ಮೀನಿನ ವಿಚಾರ. ಸಮುದ್ರದಲ್ಲಿ ಸತ್ತದ್ದೆಲ್ಲ ತಳಕ್ಕೆ ಇಳಿಯುತ್ತದೆ, ಅಲ್ಲೇ ಕೊಳೆಯುತ್ತದೆ. ಹೀಗಾಗಿ ನೈಟ್ರೇಟ್, ಫಾಸ್ಫೇಟ್‌ನಂಥ ಗೊಬ್ಬರವೆಲ್ಲ ಅಡಿಯ ನೀರಿನಲ್ಲಿ, ಬೆಳಕು ಮಾತ್ರ ಮೇಲೆ. ಎರಡೂ ಒಂದೆಡೆ ಸೇರದಿದ್ದರೆ ಸಸ್ಯ ಬೆಳೆಯದು. ಉಷ್ಣವಲಯದ ನಡುಗಡಲು ನೀಲಿಯಾಗಿ ಅಷ್ಟು ತಿಳಿಯಾಗಿ ಕಾಣುವುದು ಅಲ್ಲಿ ಏನೂ ಬೆಳೆಯದೆ ಇರುವುದರಿಂದಲೇ. ಪೆರುವಿನ ನೀರು ಹಸಿರು, ಕದಡಿದ ಹಾಗೆ. ಅಡಿಯ ಗೊಬ್ಬರ ದಿನವೂ ಬಿಸಿಲಿಗೆ ಬರುವುದರಿಂದ ಕಣ್ಣಿಗೆ ಕಾಣದ ಡಯಾಟಮ್ ಎಂಬ ಪಾಚಿಗಳು ದಟ್ಟವಾಗಿ ಬೆಳೆಯುತ್ತವೆ. ಅವನ್ನು ಸಣ್ಣ ಸೀಗಡಿಯಂಥ ಜೀವಿಗಳು ತಿನ್ನುತ್ತವೆ, ಇವೆರಡನ್ನೂ ಆಂಚೊವೆಟಾ ತಿನ್ನುತ್ತದೆ. ನಮ್ಮ ಬೂತಾಯಿಗಿಂತ ತೆಳ್ಳಗೆ, ಬೆಳ್ಳಿ ಬಣ್ಣದ ಮೀನು ಅದು. ಒಂದು ವರ್ಷಕ್ಕೆ ಹನ್ನೆರಡು ಸೆಂಟಿಮೀಟರ್ ಆಗಿ ಮೊಟ್ಟೆಯಿಡುತ್ತದೆ, ಮೂರು ವರ್ಷ ಬದುಕಿದರೆ ಹೆಚ್ಚು. ಪಾಚಿಯಿಂದ ಮೀನಿಗೆ ಮೆಟ್ಟಿಲು ಕಡಿಮೆ, ಹಾಗಾಗಿ ನಡುವೆ ಸೋರಿಹೋಗುವುದೂ ಕಡಿಮೆ.

ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. ಇಷ್ಟೆಲ್ಲ ಬೆಳೆದು ಕೊಳೆಯುವಾಗ ಅಡಿಯ ನೀರಿನ ಆಮ್ಲಜನಕ ಖರ್ಚಾಗಿ ಹೋಗುತ್ತದೆ. ಪೆರುವಿನ ತೀರದಲ್ಲಿ ಕೆಲವು ಹತ್ತು ಮೀಟರ್ ಕೆಳಗೇ ಮೀನಿಗೆ ಉಸಿರಾಡಲಾಗದ ನೀರು ಶುರುವಾಗುತ್ತದೆ. ಆದ್ದರಿಂದ ಆಂಚೊವೆಟಾ ಹಿಂಡು ಹಿಂಡಾಗಿ ಮೇಲಿನ ತೆಳು ಪದರದಲ್ಲೇ ಒತ್ತಿಕೊಂಡಿರುತ್ತದೆ. ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳಿಗೆ ಇದಕ್ಕಿಂತ ಸುಲಭದ ಬೇಟೆ ಇಲ್ಲ. ಹಿಡಿದ ಮೀನಿನ ಬಹುಪಾಲು ತಟ್ಟೆಗೆ ಹೋಗುವುದಿಲ್ಲ, ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗಿ ಹುಡಿ ಮತ್ತು ಎಣ್ಣೆಯಾಗಿ ಜಗತ್ತಿನ ಕೋಳಿ, ಹಂದಿ, ಸಾಕುಮೀನುಗಳ ಹೊಟ್ಟೆ ಸೇರುತ್ತದೆ.

ಈ ವ್ಯವಸ್ಥೆ ಕೆಲವು ವರ್ಷಗಳಿಗೊಮ್ಮೆ ಕೆಡುತ್ತದೆ. ಉತ್ತರದ ಪೈಟಾ ಬಂದರಿನ ನಾವಿಕರು ಕ್ರಿಸ್‌ಮಸ್ ಹೊತ್ತಿಗೆ ಬರುವ ಬೆಚ್ಚನೆಯ ಹರಿವಿಗೆ ಬಾಲ ಯೇಸುವಿನ ನೆನಪಿನಲ್ಲಿ ಎಲ್ ನಿನೊ ಎಂದು ಹೆಸರಿಟ್ಟಿದ್ದರು. ಆ ಹೆಸರೇ ಈಗ ಇಡೀ ಪೆಸಿಫಿಕ್‌ನ ಏರುಪೇರಿಗೆ ಅಂಟಿಕೊಂಡಿದೆ. ಎಲ್ ನಿನೊ ಬಂದಾಗ ಗಾಳಿ ನಿಂತು ತಳನೀರು ಮೇಲೇಳುವುದು ನಿಲ್ಲುತ್ತದೆ ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಪೆರುವಿನ ದಂಡೆಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ಗಾಳಿ ಬೀಸುತ್ತಲೇ ಇರುತ್ತದೆ, ನೀರು ಮೇಲೇಳುತ್ತಲೂ ಇರುತ್ತದೆ. ಬದಲಾಗುವುದು ಮೇಲೇಳುವ ನೀರು ಯಾವುದು ಎಂಬುದು.

ಸಾಮಾನ್ಯ ವರ್ಷಗಳಲ್ಲಿ ಸಮಭಾಜಕದ ಉದ್ದಕ್ಕೂ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಬೆಚ್ಚನೆಯ ನೀರನ್ನು ಇಂಡೊನೇಷ್ಯಾದ ಕಡೆಗೆ ತಳ್ಳಿ ರಾಶಿ ಹಾಕಿರುತ್ತವೆ. ಅಲ್ಲಿ ಬಿಸಿನೀರಿನ ಪದರ ನೂರೈವತ್ತು ಮೀಟರ್ ದಪ್ಪ, ಪೆರುವಿನ ಕಡೆ ಐವತ್ತು ಮೀಟರ್ ಅಥವಾ ಅದಕ್ಕೂ ಕಡಿಮೆ. ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್‌ನಲ್ಲಿ ಆ ಮಾರುತ ಸೋತರೆ ರಾಶಿ ಬಿದ್ದ ನೀರು ಹಿಂದಕ್ಕೆ ಜಾರುತ್ತದೆ. ಸಮುದ್ರದೊಳಗೆ ಒಂದು ಬೃಹತ್ ಅಲೆಯಾಗಿ ಎರಡು ಮೂರು ತಿಂಗಳಲ್ಲಿ ದಕ್ಷಿಣ ಅಮೆರಿಕ ಮುಟ್ಟುತ್ತದೆ. ಅದು ಬಂದಾಗ ಬಿಸಿ–ತಣ್ಣೀರಿನ ಗಡಿ ಪೆರುವಿನಲ್ಲಿ ನೂರು ಮೀಟರಿನ ಕೆಳಕ್ಕೆ ಕುಸಿಯುತ್ತದೆ. ಗಾಳಿ ಎಂದಿನಂತೆ ಐವತ್ತು, ಅರವತ್ತು ಮೀಟರ್ ಆಳದಿಂದ ನೀರೆತ್ತುತ್ತದೆ. ಆದರೆ ಆ ಆಳದಲ್ಲಿ ಈಗ ಇರುವುದು ಬೆಚ್ಚನೆಯ, ಗೊಬ್ಬರವಿಲ್ಲದ ನೀರು. ಬಾವಿಯ ನೀರು ಕೆಳಗೆ ಹೋದರೂ ಹಗ್ಗ ಮಾತ್ರ ಹಳೆಯ ಅಳತೆಯದೇ ಉಳಿದ ಹಾಗೆ.

ಆಗ ಅಲ್ಲಿನ ನೆಲಕ್ಕೂ ಕಡಲಿಗೂ ಹಣೆಬರಹ ಅದಲುಬದಲಾಗುತ್ತದೆ. ಉತ್ತರ ತೀರದಲ್ಲಿ ಸಮುದ್ರದ ಉಷ್ಣತೆ 26–27 ಡಿಗ್ರಿ ದಾಟಿದರೆ ಗಾಳಿಯ ಮೇಲಿನ ಮುಚ್ಚಳ ಕಿತ್ತುಹೋಗುತ್ತದೆ, ಮೋಡ ಗೋಪುರದಂತೆ ಏಳುತ್ತದೆ. 1998ರಲ್ಲಿ ಸೆಚುರಾ ಮರುಭೂಮಿಯಲ್ಲಿ ಸುರಿದ ಮಳೆಗೆ ಸುಮಾರು 145 ಕಿಲೋಮೀಟರ್ ಉದ್ದದ ಸರೋವರವೇ ಹುಟ್ಟಿಕೊಂಡಿತ್ತು, ಪೆರುವಿನ ಎರಡನೆಯ ಅತಿ ದೊಡ್ಡ ಸರೋವರ ಎನ್ನುವಷ್ಟು. 2017ರ ಮಾರ್ಚ್‌ನಲ್ಲಿ ಪಿಯುರಾ ನಗರ ನದಿಯ ನೆರೆಯಲ್ಲಿ ಮುಳುಗಿತು. ಆ ವರ್ಷ ಬಿಸಿಯಾದದ್ದು ಪೆರುವಿನ ಹತ್ತಿರದ ಕಡಲು ಮಾತ್ರ, ಪೆಸಿಫಿಕ್‌ನ ಉಳಿದ ಭಾಗದಲ್ಲಿ ಎಲ್ ನಿನೊ ಇರಲಿಲ್ಲ. ಅಲ್ಲಿನವರು ಇದನ್ನು ಕರಾವಳಿ ಎಲ್ ನಿನೊ ಎಂದು ಬೇರೆಯಾಗಿಯೇ ಗುರುತಿಸುತ್ತಾರೆ.

ಮೀನುಗಾರಿಕೆಗೆ ಏನಾಗುತ್ತದೆ ಎಂಬುದಕ್ಕೆ 1972ಕ್ಕಿಂತ ಒಳ್ಳೆಯ ಪಾಠ ಇಲ್ಲ. 1970ರಲ್ಲಿ ಪೆರು ಒಂದೇ ವರ್ಷದಲ್ಲಿ ಹಿಡಿದ ಆಂಚೊವೆಟಾ ಸುಮಾರು 1 ಕೋಟಿ 20 ಲಕ್ಷ ಟನ್. ವರ್ಷಕ್ಕೆ 95 ಲಕ್ಷ ಟನ್ ಮೀರಬಾರದು ಎಂದು ವಿಜ್ಞಾನಿಗಳ ಸಮಿತಿ ಅದೇ ವರ್ಷ ಲೆಕ್ಕ ಕೊಟ್ಟಿತ್ತು. ಬೋಟುಗಳೂ ಫ್ಯಾಕ್ಟರಿಗಳೂ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಇದ್ದವು. 1972ರ ಆರಂಭದಲ್ಲಿ ಬಿಸಿನೀರು ಬಂತು. ಆಗ ಆದದ್ದನ್ನು ಗಮನವಿಟ್ಟು ನೋಡಬೇಕು: ಮೀನು ಮೊದಲು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಅಂದರೆ ಬಲೆಗೆ ಬೀಳುವುದು ಹೆಚ್ಚಾಯಿತು. ತಣ್ಣೀರು ದಂಡೆಗೆ ತಾಗಿದ ಕಿರಿದಾದ ಪಟ್ಟಿಯಲ್ಲಿ ಮಾತ್ರ ಉಳಿದಾಗ ಇದ್ದ ಮೀನೆಲ್ಲ ಅಲ್ಲಿಗೇ ಬಂದು ಸೇರಿಕೊಂಡಿತು. ದೋಣಿಗಳು ದೂರ ಹೋಗಬೇಕಾಗಿಯೇ ಇರಲಿಲ್ಲ. ದಿನದ ಲೆಕ್ಕ ನೋಡಿದವರಿಗೆ ಸುಗ್ಗಿ ಕಂಡಿತು. ಆದರೆ ಹಿಂದಿನ ಹಂಗಾಮಿನ ಮರಿಗಳು ಆ ವರ್ಷ ಬಲೆಗೆ ಬಂದದ್ದು ತೀರ ಕಡಿಮೆ. ಹಿಡಿಯುತ್ತಿದ್ದದ್ದು ಮುಂದೆ ಮೊಟ್ಟೆಯಿಡಬೇಕಾದ ತಾಯಿಮೀನುಗಳನ್ನೇ. ವರ್ಷದ ನಡುವೆ ಹಿಡಿದ ಮೀನಿನ ಪ್ರಮಾಣ ಕುಸಿಯಿತು. 1973ರ ಒಟ್ಟು 20 ಲಕ್ಷ ಟನ್‌ಗಿಂತ ಕೆಳಗಿಳಿಯಿತು, ಸರ್ಕಾರ ಇಡೀ ಉದ್ಯಮವನ್ನು ರಾಷ್ಟ್ರೀಕರಣ ಮಾಡಿತು. ಫಿಶ್‌ಮೀಲ್ ಇಲ್ಲದೆ ಜಗತ್ತು ಸೋಯಾಬೀನ್‌ಗೆ ಮುಗಿಬಿತ್ತು. ಬೆಲೆ ಏರಿದ ಭರಕ್ಕೆ 1973ರ ಜೂನ್‌ನಲ್ಲಿ ಅಮೆರಿಕ ಸೋಯಾಬೀನ್ ರಫ್ತನ್ನೇ ಕೆಲಕಾಲ ತಡೆಯಿತು. ಆಂಚೊವೆಟಾ ಹಳೆಯ ಮಟ್ಟಕ್ಕೆ ಮರಳಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಆ ನಡುವೆ ಅದರ ಜಾಗದಲ್ಲಿ ಸಾರ್ಡೀನ್ ಹಬ್ಬಿಕೊಂಡಿತ್ತು.

1997–98ರ ಎಲ್ ನಿನೊ 1972ರದಕ್ಕಿಂತ ಪ್ರಬಲ. 1998ರಲ್ಲೂ ಹಿಡಿದ ಮೀನಿನ ಪ್ರಮಾಣ 20 ಲಕ್ಷ ಟನ್‌ಗಿಂತ ಕೆಳಗೆ ಬಿತ್ತು. ಆದರೆ 2000ದ ಹೊತ್ತಿಗೆ ಅದು 90 ಲಕ್ಷ ಟನ್ ದಾಟಿತ್ತು. ಅಷ್ಟೇ ಕುಸಿತ, ಒಮ್ಮೆ ಇಪ್ಪತ್ತು ವರ್ಷ, ಇನ್ನೊಮ್ಮೆ ಎರಡು ವರ್ಷ. ಎರಡನೆಯ ಸಲ ಬಿಸಿನೀರು ಇಳಿದ ಮೇಲೆ ಕಡಲು ಬೇಗ ತಣ್ಣಗಾಗಿ ಆಂಚೊವೆಟಾಕ್ಕೆ ಒಗ್ಗುವ ಸ್ಥಿತಿಗೆ ಬಂತು, ಇದು ಅದೃಷ್ಟದ ಪಾಲು. ಆದರೆ ಮೀನು ದಂಡೆಗೆ ಒತ್ತಿಕೊಂಡಿದ್ದಾಗ ಅದರ ಮೇಲೆ ಮುಗಿಬೀಳದೆ ಮೀನುಗಾರಿಕೆಗೆ ತಡೆ ಹಾಕಿದ್ದೂ ನೆರವಾಯಿತು ಎಂದೇ ನಾನು ನಂಬುತ್ತೇನೆ. ಎಲ್ ನಿನೊ ಮೀನನ್ನು ಕಡಿಮೆ ಮಾಡುತ್ತದೆ, ಬೀಜಕ್ಕೂ ಉಳಿಯದಂತೆ ಮಾಡುವುದು ಬಲೆ.

ಈಗ ಪೆರು ಇದನ್ನು ಮೊದಲೇ ಹೇಗೆ ಅರಿಯುತ್ತದೆ? ಸಮಭಾಜಕದ ಉದ್ದಕ್ಕೂ ಲಂಗರು ಹಾಕಿದ ತೇಲುಬುರುಡೆಗಳಿವೆ. ಅವುಗಳ ಸರಪಳಿಗೆ ಕಟ್ಟಿದ ಥರ್ಮಾಮೀಟರುಗಳು ನೂರಾರು ಮೀಟರ್ ಆಳದವರೆಗಿನ ಉಷ್ಣತೆ ಕಳಿಸುತ್ತವೆ, ಹಾಗಾಗಿ ಒಳಗಿನ ಅಲೆ ದಡ ಮುಟ್ಟುವ ವಾರಗಳ ಮುಂಚೆ ಕಾಣುತ್ತದೆ. ಅದು ಬಂದಾಗ ಬಂದರುಗಳಲ್ಲಿ ನೀರಿನ ಮಟ್ಟವೂ ಏರುತ್ತದೆ, ಪ್ರಬಲ ವರ್ಷಗಳಲ್ಲಿ ಒಂದು ಗೇಣಿಗೂ ಹೆಚ್ಚು. ಆದರೆ ಕೊನೆಯ ಮಾತು ಹೇಳುವುದು ಮೀನೇ. ಪೆರುವಿನ ಸಮುದ್ರ ಸಂಸ್ಥೆ ಇಮಾರ್ಪೆಯ ಹಡಗುಗಳು ಹಂಗಾಮಿಗೆ ಮೊದಲು ಶಬ್ದತರಂಗ ಬಿಟ್ಟು ಹಿಂಡುಗಳನ್ನು ಅಳೆಯುತ್ತವೆ. ಹಂಗಾಮು ಶುರುವಾದ ಮೇಲೆ ಬಲೆಯಿಂದ ಒಂದು ಬುಟ್ಟಿ ಮೀನು ತೆಗೆದು, ಒಂದೊಂದನ್ನೂ ಅಳತೆ ಹಲಗೆಯ ಮೇಲಿಟ್ಟು ಅರ್ಧ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಹನ್ನೆರಡು ಸೆಂಟಿಮೀಟರಿಗಿಂತ ಚಿಕ್ಕವು ನೂರಕ್ಕೆ ಹತ್ತು ಮೀರಿದರೆ ಆ ಜಾಗಕ್ಕೆ ಬಲೆ ಹಾಕುವಂತಿಲ್ಲ.

2023ರ ಜೂನ್‌ನಲ್ಲಿ ನಡೆದದ್ದು ಹೀಗೇ. ಕಡಲು ಬಿಸಿಯಾಗಿತ್ತು. ನೋಡೋಣವೆಂದು ಪ್ರಾಯೋಗಿಕವಾಗಿ ಬೋಟು ಬಿಟ್ಟರು, ಬಲೆ ತುಂಬ ಮರಿಗಳೇ ಬಂದವು. ಕೆಲವೇ ದಿನಗಳಲ್ಲಿ ನಿಲ್ಲಿಸಿ, ಉತ್ತರ–ಮಧ್ಯ ತೀರದ ವರ್ಷದ ಮೊದಲ ಹಂಗಾಮನ್ನೇ ರದ್ದು ಮಾಡಿದರು. ಕಾರ್ಖಾನೆಗಳು ಮುಚ್ಚಿದವು, ಕೂಲಿಯವರು ಮನೆಯಲ್ಲಿ ಕುಳಿತರು, ದೇಶದ ಆ ವರ್ಷದ ಒಟ್ಟು ಉತ್ಪಾದನೆಯ ಅಂಕಿಯಲ್ಲೂ ಪೆಟ್ಟು ಕಾಣಿಸಿತು. 2024ರ ಮೊದಲ ಹಂಗಾಮಿಗೆ ಸುಮಾರು 25 ಲಕ್ಷ ಟನ್ ಮಿತಿ ಕೊಡಲಾಯಿತು, ಬಹುತೇಕ ಅಷ್ಟೂ ಸಿಕ್ಕಿತು.

ಹಾಗಿದ್ದರೆ ನಮ್ಮ ಕಡಲು? ಮಳೆಗಾಲದಲ್ಲಿ ಕೇರಳದಿಂದ ಕರ್ನಾಟಕದವರೆಗೆ ದಂಡೆಯ ಹತ್ತಿರ ಗಾಳಿ ವಾಯವ್ಯದ ಕಡೆಯಿಂದ ಬಂದು ದಕ್ಷಿಣಕ್ಕೆ ವಾಲಿ ಬೀಸುತ್ತದೆ. ನಾವು ಉತ್ತರ ಗೋಳಾರ್ಧದವರು, ದಕ್ಷಿಣಕ್ಕೆ ಮುಖ ಮಾಡಿದರೆ ಬಲಗಡೆ ತೆರೆದ ಅರಬ್ಬೀ ಸಮುದ್ರ. ಲೆಕ್ಕ ಅದೇ, ತಳನೀರು ನಮ್ಮಲ್ಲೂ ಮೇಲೇಳುತ್ತದೆ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಂತ್ರದ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿರುವಾಗ ಹೊರಗೆ ಕಡಲು ಪಾಚಿ ಬೆಳೆಸುತ್ತಿರುತ್ತದೆ. ಮಳೆ ಇಳಿದ ಮೇಲೆ ಬೂತಾಯಿ, ಬಂಗುಡೆ ರಾಶಿ ಬೀಳುವುದಕ್ಕೆ ಬೇರು ಅಲ್ಲಿದೆ. ಆದರೂ ನಮ್ಮ ತೀರ ಮರುಭೂಮಿ ಆಗಲಿಲ್ಲ. ಏಕೆಂದರೆ ನಮ್ಮಲ್ಲಿ ತಣ್ಣೀರು ಬರುವುದು ವರ್ಷದ ಮೂರ್ನಾಲ್ಕು ತಿಂಗಳು, ಅದೂ ಕಿರಿದಾದ ಪಟ್ಟಿಯಲ್ಲಿ. ನೇತ್ರಾವತಿ, ಶರಾವತಿಯಂಥ ನದಿಗಳು ಮತ್ತು ಮಳೆ ಸುರಿಯುವ ಸಿಹಿನೀರು ಅದರ ಮೇಲೆ ಹೊದಿಕೆ ಹಾಕುತ್ತದೆ. ಮುಂಗಾರು ಗಾಳಿ ಸಾವಿರಾರು ಕಿಲೋಮೀಟರ್ ಬೆಚ್ಚನೆಯ ಕಡಲನ್ನು ದಾಟಿ ತೇವ ಹೊತ್ತು ಬಂದಿರುತ್ತದೆ, ದಡದ ಪಕ್ಕದ ತಣ್ಣೀರಿನ ಪಟ್ಟಿ ಅದನ್ನು ತಡೆಯಲಾರದು. ಘಟ್ಟ ಅದನ್ನು ಮೇಲಕ್ಕೆ ಎತ್ತಿಬಿಡುತ್ತದೆ.

ಬೂತಾಯಿಯ ಏರಿಳಿತ ಮಾತ್ರ ಆಂಚೊವೆಟಾದಷ್ಟೇ ಕಡಿದು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದಡ ಸೇರಿತ್ತು. 2021ರಲ್ಲಿ ಅದು 3,500 ಟನ್ನೂ ಇರಲಿಲ್ಲ. ನಡುವೆ 2015ರ ಎಲ್ ನಿನೊ ಬಂದು ಹೋಗಿತ್ತು. ಮುಂದಿನ ವರ್ಷಗಳಲ್ಲಿ ಮೀನು ಮರಳಿ ಬಂತು. ಪೆರುವಿನ ಹಾಗೆ ಹಂಗಾಮಿಗೆ ಇಷ್ಟೇ ಟನ್ ಎಂದು ಮಿತಿ ಹಾಕುವುದು ಇಲ್ಲಿ ಕಷ್ಟ. ಅಲ್ಲಿ ಒಂದೇ ಜಾತಿಯ ಮೀನು, ದೊಡ್ಡ ಬೋಟುಗಳು, ಲೆಕ್ಕಕ್ಕೆ ಸಿಗುವಷ್ಟು ಫ್ಯಾಕ್ಟರಿ. ಇಲ್ಲಿ ಒಂದೇ ಬಲೆಯಲ್ಲಿ ಹತ್ತಾರು ಜಾತಿ, ನಾಡದೋಣಿಯಿಂದ ಪರ್ಸೀನ್‌ವರೆಗೆ ಬಗೆಬಗೆಯ ದೋಣಿ, ಊರಿಗೊಂದು ದಕ್ಕೆ. ಅದಕ್ಕೇ ಕೇರಳ ತೂಕವನ್ನು ಬಿಟ್ಟು ಉದ್ದವನ್ನು ಹಿಡಿಯಿತು: ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯುವಂತಿಲ್ಲ. ದಕ್ಕೆಯಲ್ಲಿ ಬುಟ್ಟಿ ಇಳಿಸಿದಾಗ ಒಂದು ಸ್ಕೇಲು ಹಿಡಿದು ಯಾರು ಬೇಕಾದರೂ ಅಳೆಯಬಹುದಾದ ನಿಯಮ ಅದು.